ಕೇಂದ್ರೀಕೃತ ಹವಾನಿಯಂತ್ರಣ: ಒಂದು ಕೊಠಡಿ ಮಾತ್ರ ತಂಪಾಗದಿದ್ದಲ್ಲಿ ಪರಿಶೀಲಿಸಬೇಕಾದ ಅಂಶಗಳು

ಒಂದೇ ಯಂತ್ರದಿಂದ ಹಲವು ಕೊಠಡಿಗಳಿಗೆ ತಂಪು ಗಾಳಿ ಒದಗಿಸುವ ಕಟ್ಟಡಗಳಲ್ಲಿ ಕೊನೆಯ ಕೊಠಡಿ ಮಾತ್ರ ಬಿಸಿಯಾಗಿಯೇ ಉಳಿಯುವ ದೂರು ಸಾಮಾನ್ಯ. ಇಂತಹ ಸಂದರ್ಭದಲ್ಲಿ ಹೆಚ್ಚುವರಿ ಯಂತ್ರ ಖರೀದಿಯ ಪ್ರಸ್ತಾವನೆ ಸಭೆಯ ಮುಂದೆ ಬಂದಲ್ಲಿ, ಅನುಮೋದನೆಗೆ ಮುನ್ನ ಪ್ರತಿ ಕೊಠಡಿಗೆ ತಲುಪುತ್ತಿರುವ ಗಾಳಿಯ ಅಳತೆಯನ್ನು ಸದಸ್ಯರು ಕೇಳಿ ಪಡೆಯುವುದು ಸೂಕ್ತ.

ಯಂತ್ರದ ಸಾಮರ್ಥ್ಯದ ಪ್ರತಿ ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಹರಿಯಬೇಕೆಂಬುದು ವಾಡಿಕೆಯ ಲೆಕ್ಕ. ಉದಾಹರಣೆಗೆ, 5 ಟನ್ ಯಂತ್ರದ 2000 ಘನ ಅಡಿ ಗಾಳಿಯಲ್ಲಿ ಸಭಾಂಗಣಕ್ಕೆ 1000, ಕಚೇರಿಗೆ 600, ಕೊನೆಯಲ್ಲಿರುವ ಕಂಪ್ಯೂಟರ್ ಕೊಠಡಿಗೆ 400 ನಿಗದಿಯಾಗಿದೆ ಎಂದಿಟ್ಟುಕೊಳ್ಳೋಣ. ಯಂತ್ರದಿಂದ ಪೂರ್ಣ 2000 ಹೊರಡುತ್ತಿದ್ದರೂ, ಗಾಳಿ ಹೊರಬರುವ ಜಾಲರಿಗಳ ಬಳಿ ಅಳೆದಾಗ ಕ್ರಮವಾಗಿ 1050, 600 ಮತ್ತು 150 ದೊರೆತರೆ ಒಟ್ಟು 1800 ಆಗುತ್ತದೆ. ಉಳಿದ 200 ಘನ ಅಡಿ ತಂಪು ಗಾಳಿ ಡಕ್ಟ್‌ನ, ಅಂದರೆ ಗಾಳಿ ಸಾಗುವ ಕೊಳವೆಯ, ಬಿರುಕುಗಳ ಮೂಲಕ ಒಳಛಾವಣಿಯ ಮೇಲೆ ವ್ಯರ್ಥವಾಗುತ್ತಿದೆ. ಸಭಾಂಗಣವು ತನ್ನ ಪಾಲಿಗಿಂತ 50 ಹೆಚ್ಚು ಪಡೆಯುತ್ತಿದೆ. ಕೊನೆಯ ಕೊಠಡಿಯ 250ರ ಕೊರತೆಗೆ ಈ ಎರಡೇ ಕಾರಣಗಳು, ಯಂತ್ರದಲ್ಲಿ ದೋಷವಿಲ್ಲ.

ಈ ಅಳತೆಗೆ ಗಾಳಿಯ ವೇಗ ತೋರಿಸುವ ಅನಿಮೋಮೀಟರ್ ಬಳಸಲಾಗುತ್ತದೆ. ಜಾಲರಿಯ ಹಲವು ಭಾಗಗಳಲ್ಲಿ ಕಂಡ ಸರಾಸರಿ ವೇಗವನ್ನು ಗಾಳಿ ಹಾಯುವ ತೆರೆದ ವಿಸ್ತೀರ್ಣದಿಂದ ಗುಣಿಸಬೇಕು. 2 ಚದರ ಅಡಿ ತೆರವಿನಲ್ಲಿ ವೇಗ ನಿಮಿಷಕ್ಕೆ 75 ಅಡಿ ಇದ್ದರೆ ಹರಿವು 150 ಘನ ಅಡಿ.

ದುರಸ್ತಿಯಲ್ಲಿ ಕ್ರಮ ಮುಖ್ಯ. ಮೊದಲು ಡಕ್ಟ್‌ನ ಕೀಲುಗಳನ್ನೂ ಕವಲುಗಳನ್ನೂ ಪರೀಕ್ಷಿಸಿ, ಸೋರಿಕೆಯನ್ನು ಮ್ಯಾಸ್ಟಿಕ್ ಲೇಪದಿಂದ ಮುಚ್ಚಬೇಕು. ಬಟ್ಟೆಯ ಟೇಪಿನ ಅಂಟು ಬಿಸಿಗೆ ಒಣಗಿ ಬಿಟ್ಟುಹೋಗುವುದರಿಂದ ಅದು ಶಾಶ್ವತ ಪರಿಹಾರವಲ್ಲ. ಸೋರಿಕೆ ನಿಂತೊಡನೆ ಎಲ್ಲ ಕೊಠಡಿಗಳ ಹರಿವೂ ಬದಲಾಗುವುದರಿಂದ ಮತ್ತೊಮ್ಮೆ ಅಳೆಯಬೇಕು. ಆ ನಂತರವಷ್ಟೇ ಸಭಾಂಗಣದ ಕವಲಿನ ಡ್ಯಾಂಪರ್ ಎಂಬ ನಿಯಂತ್ರಕ ಬಾಗಿಲನ್ನು ಸ್ವಲ್ಪಸ್ವಲ್ಪವಾಗಿ ಮುಚ್ಚಿ ಪಾಲು ಸರಿಪಡಿಸಬೇಕು. ಡ್ಯಾಂಪರ್‌ಗಳನ್ನು ಅತಿಯಾಗಿ ಮುಚ್ಚಿದರೆ ಒಟ್ಟು ಹರಿವು ಕುಗ್ಗಿ ಯಂತ್ರದ ತಂಪು ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುವ ಸಂಭವವಿದೆ.

ಬಾಗಿಲು ತೆರೆದಾಗ ಮಾತ್ರ ಜಾಲರಿಯ ಗಾಳಿ ಹೆಚ್ಚಾದರೆ, ಕೊಠಡಿಯ ಗಾಳಿ ಯಂತ್ರಕ್ಕೆ ಮರಳಲು ದಾರಿಯಿಲ್ಲವೆಂದು ತಿಳಿಯಬೇಕು. ಹರಿವು ಸಾಕಷ್ಟಿದ್ದೂ ಜಾಲರಿಯ ಗಾಳಿ ಇತರ ಕೊಠಡಿಗಳಿಗಿಂತ ಬೆಚ್ಚಗಿದ್ದರೆ ಡಕ್ಟ್‌ನ ಶಾಖನಿರೋಧಕ ಹೊದಿಕೆಯನ್ನು ಪರಿಶೀಲಿಸಬೇಕು. ಹರಿವು ಮತ್ತು ತಂಪು ಎರಡೂ ಸರಿಯಿದ್ದು ಕೊಠಡಿ ಬಿಸಿಯಾಗಿಯೇ ಇದ್ದರೆ, ಪಶ್ಚಿಮದ ಬಿಸಿಲು, ಛಾವಣಿ ಅಥವಾ ಉಪಕರಣಗಳ ಶಾಖವೇ ಅಧಿಕವೆಂದು ಅರ್ಥ. ಹೆಚ್ಚುವರಿ ಯಂತ್ರದ ಪ್ರಸ್ತಾವನೆ ಪರಿಗಣನೆಗೆ ಬರಬೇಕಾದುದು ಈ ಹಂತದಲ್ಲಿ ಮಾತ್ರ. ದುರಸ್ತಿ ಬಿಲ್ಲಿನೊಂದಿಗೆ ಕೆಲಸದ ಮುಂಚಿನ ಹಾಗೂ ನಂತರದ ಅಳತೆಗಳನ್ನು ಕೊಠಡಿವಾರು ಲಗತ್ತಿಸುವಂತೆ ಸೂಚಿಸತಕ್ಕದ್ದು.