ಸಂಜೆ ಆರರ ನಂತರದ ಇ-ಮೇಲ್

ಫ್ರಾನ್ಸಿನಲ್ಲಿ ಸಂಜೆ ಆರು ಗಂಟೆಯ ನಂತರ ಕಚೇರಿಯ ಇ-ಮೇಲ್ ನೋಡುವುದೇ ಕಾನೂನಿಗೆ ವಿರುದ್ಧವಂತೆ! 2014ರ ಏಪ್ರಿಲ್‌ನಲ್ಲಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಹಬ್ಬಿದ ಈ ಸುದ್ದಿಯನ್ನು ಓದಿ ಕೆಲವರು ನಕ್ಕರು, ಕೆಲವರು ಹೊಟ್ಟೆ ಉರಿದುಕೊಂಡರು. ಅಂಥ ಕಾನೂನು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆ ತಿಂಗಳು ನಡೆದದ್ದು ಇಷ್ಟೆ: ಎಂಜಿನಿಯರಿಂಗ್, ಕಂಪ್ಯೂಟರ್ ಮತ್ತು ಸಲಹಾ ಸಂಸ್ಥೆಗಳ ಮಾಲೀಕರ ಒಕ್ಕೂಟವು ಕಾರ್ಮಿಕ ಸಂಘಗಳೊಂದಿಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಅದರಲ್ಲಿ ಆರು ಗಂಟೆಯ ಮಾತೇ ಇರಲಿಲ್ಲ.

ಇದ್ದದ್ದು ಹನ್ನೊಂದು ಗಂಟೆಯ ಮಾತು. ಅದು ಅರ್ಥವಾಗಬೇಕಾದರೆ ಅಲ್ಲಿನ ನೌಕರರಲ್ಲಿರುವ ಒಂದು ಭೇದವನ್ನು ತಿಳಿಯಬೇಕು. ವಾರಕ್ಕೆ 35 ಗಂಟೆ ಕೆಲಸ ಎಂಬ ಫ್ರಾನ್ಸಿನ ಪ್ರಸಿದ್ಧ ನಿಯಮ ಎಲ್ಲರಿಗೂ ಅನ್ವಯಿಸುವುದಿಲ್ಲ. 'ಕಾದ್ರ್' ಎಂದು ಕರೆಯಲಾಗುವ ಮೇಲ್ದರ್ಜೆಯ ನೌಕರರಲ್ಲಿ ಅನೇಕರ ಕರಾರು ಗಂಟೆಯ ಲೆಕ್ಕದ್ದಲ್ಲ, ದಿನದ ಲೆಕ್ಕದ್ದು. ಸಾಮಾನ್ಯವಾಗಿ ವರ್ಷಕ್ಕೆ ಹೆಚ್ಚೆಂದರೆ 218 ದಿನ. ಇಂಥವರಿಗೆ ಕಚೇರಿ ವೇಳೆ ಎಂಬುದೇ ಇಲ್ಲದ ಮೇಲೆ, ಕಚೇರಿ ವೇಳೆ ಮುಗಿಯುವುದಾದರೂ ಹೇಗೆ? ಅವರನ್ನು ಕಾಯುವುದು ವಿಶ್ರಾಂತಿಯ ನಿಯಮಗಳು: ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸತತ 11 ಗಂಟೆ ಬಿಡುವು, ವಾರಕ್ಕೊಮ್ಮೆ ಸತತ 35 ಗಂಟೆ ಬಿಡುವು. ಈ ಬಿಡುವಿನಲ್ಲಿ ಫೋನು, ಕಂಪ್ಯೂಟರುಗಳಿಂದಲೂ ದೂರವಿರಬೇಕು ಎಂದದ್ದೇ 2014ರ ಒಪ್ಪಂದ.

ಒಂದು ಉದಾಹರಣೆ ನೋಡೋಣ. ಪ್ಯಾರಿಸ್ಸಿನ ಒಬ್ಬಾಕೆ ಸಂಜೆ ಏಳೂವರೆಗೆ ಕೆಲಸ ಮುಗಿಸಿ ಮನೆಗೆ ಹೋದರೆ ಮರುದಿನ ಬೆಳಿಗ್ಗೆ ಆರೂವರೆಯ ನಂತರ ಯಾವಾಗ ಬೇಕಾದರೂ ಕೆಲಸಕ್ಕೆ ಕೂರಬಹುದು. ಆದರೆ ರಾತ್ರಿ ಹನ್ನೊಂದರವರೆಗೆ ಕುಳಿತು ಮೇಲಧಿಕಾರಿಯ ಪತ್ರಕ್ಕೆ ಉತ್ತರ ಬರೆದರೆ ಲೆಕ್ಕ ಮತ್ತೆ ಮೊದಲಿನಿಂದ. ಬೆಳಿಗ್ಗೆ ಹತ್ತಕ್ಕೆ ಮೊದಲು ಆಕೆ ಕೆಲಸ ಶುರುಮಾಡುವಂತಿಲ್ಲ. ಒಂಬತ್ತಕ್ಕೆ ಸಭೆ ಇಟ್ಟಿದ್ದರೆ ನಿಯಮ ಮುರಿದಂತೆ. ಹಾಗೆಯೇ ಶನಿವಾರ ರಾತ್ರಿ ಎಂಟಕ್ಕೆ ಕೆಲಸ ಬಿಟ್ಟವರ ವಾರದ ಬಿಡುವು ಪೂರ್ತಿಯಾಗುವುದು ಸೋಮವಾರ ಬೆಳಿಗ್ಗೆ ಏಳಕ್ಕೆ. ಭಾನುವಾರ ಸಂಜೆ 'ನಾಳೆಗೆ ಸ್ವಲ್ಪ ತಯಾರಿ' ಎಂದು ಕುಳಿತರೆ ಅದು ಅಲ್ಲಿಗೇ ಕಡಿದುಹೋಯಿತು.

2016ರ ಆಗಸ್ಟ್‌ನಲ್ಲಿ ಆದ ಕಾರ್ಮಿಕ ಕಾನೂನು, 2017ರ ಜನವರಿ 1ರಿಂದ, 'ಸಂಪರ್ಕ ಕಡಿದುಕೊಳ್ಳುವ ಹಕ್ಕ'ನ್ನು ಮಾತುಕತೆಯ ವಿಷಯವನ್ನಾಗಿ ಮಾಡಿತು. ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ಈ ಬಗ್ಗೆ ಕಾರ್ಮಿಕ ಸಂಘದೊಂದಿಗೆ ಚರ್ಚಿಸಬೇಕು. ಒಪ್ಪಂದವಾಗದಿದ್ದರೆ ತಾನೇ ಒಂದು ನಿಯಮಾವಳಿ ಬರೆಯಬೇಕು. ನಿಯಮಾವಳಿಯಲ್ಲಿ ಇಂತಿಷ್ಟು ಗಂಟೆಗೆ ಇ-ಮೇಲ್ ನಿಲ್ಲಬೇಕೆಂದು ಕಾನೂನು ಹೇಳುವುದಿಲ್ಲ. ನಿಯಮಾವಳಿ ಬರೆಯದ ಕಂಪನಿಗೆ ನೇರವಾದ ದಂಡವೂ ಇಲ್ಲ. ಹಲ್ಲಿಲ್ಲದ ಕಾನೂನು ಎಂದು ಟೀಕೆ ಬಂದದ್ದು ಸುಮ್ಮನೆ ಅಲ್ಲ.

ಈ ನಿಯಮಾವಳಿಗಳು ಸಾಮಾನ್ಯವಾಗಿ ಕಳಿಸುವವನ ಕೈ ಹಿಡಿಯುವುದಿಲ್ಲ, ಉತ್ತರಿಸದವನನ್ನು ಕಾಯುತ್ತವೆ. ಹಲವರ ಪತ್ರದ ಅಡಿಯಲ್ಲಿ ಒಂದು ಸಾಲು ಇರುತ್ತದೆ: ನಿಮ್ಮ ಕೆಲಸದ ವೇಳೆಯ ಹೊರಗೆ ಇದು ತಲುಪಿದರೆ ತಕ್ಷಣ ಉತ್ತರಿಸಬೇಕಾಗಿಲ್ಲ. ಬೆಂಗಳೂರಿನಿಂದ ಫ್ರೆಂಚ್ ಗ್ರಾಹಕರೊಂದಿಗೆ ವ್ಯವಹರಿಸುವವರಿಗೆ ಈ ಸಾಲು ಪರಿಚಿತವಾಗಿರಬಹುದು. ನಮ್ಮ ಬೆಳಗಿನ ಒಂಬತ್ತೂವರೆ ಅಲ್ಲಿ ಬೇಸಿಗೆಯಾದರೆ ಆರು ಗಂಟೆ, ಚಳಿಗಾಲವಾದರೆ ಐದು. ಇನ್ನೊಂದು ಉಪಾಯವೆಂದರೆ ರಾತ್ರಿ ಬರೆದ ಪತ್ರ ಬೆಳಿಗ್ಗೆ ಎಂಟಕ್ಕೆ ಹೊರಡುವಂತೆ ವೇಳೆ ನಿಗದಿ ಮಾಡಿಡುವುದು. ಪಡೆಯುವವನಿಗೆ ಇದು ಒಳ್ಳೆಯದೇ. ಆದರೆ ಬರೆದವನು ರಾತ್ರಿ ಹನ್ನೊಂದಕ್ಕೆ ಕೆಲಸ ಮಾಡಿದ್ದಕ್ಕೆ ಆ ಪತ್ರದಲ್ಲಿ ಕುರುಹು ಉಳಿಯುವುದಿಲ್ಲ. ವ್ಯಾಜ್ಯವಾದಾಗ ಬೇಕಾಗುವುದು ಇಂಥ ಕುರುಹೇ.

ಏಕೆಂದರೆ ಹಲ್ಲು ಇರುವುದು ನ್ಯಾಯಾಲಯದಲ್ಲಿ. ತನ್ನ ಸ್ವಂತ ಮೊಬೈಲಿನಲ್ಲಿ ಕೆಲಸದ ವೇಳೆಯ ಹೊರಗೆ ಸಿಗಲಿಲ್ಲವೆಂದು ಆಂಬುಲೆನ್ಸ್ ಚಾಲಕನೊಬ್ಬನನ್ನು ವಜಾ ಮಾಡಿದಾಗ, ಅದು ತಪ್ಪೇ ಅಲ್ಲವೆಂದು ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ 2004ರಲ್ಲೇ ಹೇಳಿತ್ತು, ಅಂದರೆ ಈ ಹಕ್ಕಿಗೆ ಕಾನೂನಿನಲ್ಲಿ ಹೆಸರು ಸಿಗುವ ಹನ್ನೆರಡು ವರ್ಷ ಮೊದಲು. 2018ರ ಜುಲೈನಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದದ್ದು ಕೀಟ ನಿಯಂತ್ರಣದ ಕಂಪನಿಯೊಂದರ ಪ್ರಾದೇಶಿಕ ವ್ಯವಸ್ಥಾಪಕನ ಮೊಕದ್ದಮೆ. ತುರ್ತು ಕರೆ ಬಂದರೆ ಉತ್ತರಿಸಲೆಂದು ಆತ ಫೋನನ್ನು ಸದಾ ಚಾಲೂ ಇಟ್ಟಿರಬೇಕಿತ್ತು. ಪಾಳಿಯ ಪಟ್ಟಿಯಲ್ಲಿ ಅವನ ಹೆಸರಿಲ್ಲ, ಆದ್ದರಿಂದ ಭತ್ಯೆ ಕೊಡಬೇಕಾಗಿಲ್ಲ ಎಂದು ಕಂಪನಿ ವಾದಿಸಿತು. ಪಟ್ಟಿ ಇರಲಿ ಬಿಡಲಿ, ಕರೆಗಾಗಿ ಕಾದಿರುವುದೂ ಹಣ ಸಲ್ಲಬೇಕಾದ ಕರ್ತವ್ಯವೇ ಎಂಬ ತೀರ್ಪನ್ನು ನ್ಯಾಯಾಲಯ ಎತ್ತಿಹಿಡಿಯಿತು. ಕಂಪನಿ ತೆರಬೇಕಾದದ್ದು ಸುಮಾರು 60,000 ಯೂರೋ.