ಚಕ್ರದ ಒಳಗಿನ ಕೂದಲೆಳೆ ಅಂತರ

ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ ಕೊಡಚಾದ್ರಿ ಹತ್ತುವ ಜೀಪುಗಳ ಹಿಂದಿನ ಚಕ್ರಕ್ಕೆ ಆ ದಾರಿಯಲ್ಲಿ ಬಿಡುವೇ ಇಲ್ಲ. ಕಲ್ಲಿನ ಮೇಲೆ ಹತ್ತಿ, ಹೊಂಡಕ್ಕೆ ಇಳಿದು, ಪ್ರತಿ ತಿರುವಿನಲ್ಲೂ ಆಕ್ಸಲ್ ಶಾಫ್ಟು ಅಕ್ಕಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆಯುವುದು ಚಕ್ರದ ಬಳಿಯ ಟೇಪರ್ ಬೇರಿಂಗು. ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ವಿಲ್ಲಿಸ್ ಮೂಲದ ಹಳೆಯ ಜೀಪುಗಳಲ್ಲಿ ಈ ಬೇರಿಂಗಿನ ಸಡಿಲವನ್ನು ನಿರ್ಧರಿಸುವುದು ಶಿಮ್, ಅಂದರೆ ತೆಳು ಲೋಹದ ಹಾಳೆ. ಅದರ ಲೆಕ್ಕ ಬಲ್ಲವನೇ ಆಕ್ಸಲ್ ಕೆಲಸದ ನಿಜವಾದ ಮೇಸ್ತ್ರಿ.

ಶಿಮ್ ಕೂರುವುದು ಆಕ್ಸಲ್ ಹೌಸಿಂಗಿನ ತುದಿಗೂ ಬ್ರೇಕ್ ಪ್ಲೇಟಿಗೂ ನಡುವೆ. ಬೇರಿಂಗಿನ ಕಪ್ ಹೊರಗೆ ಬರದಂತೆ ಒತ್ತಿ ಹಿಡಿಯುವುದು ಪ್ಲೇಟಿನ ಕಡೆಯ ಭಾಗ. ಶಿಮ್ ಹೆಚ್ಚಿಸಿದರೆ ಪ್ಲೇಟು ಹೊರಗೆ ಸರಿದು ಪ್ಲೇ ಹೆಚ್ಚುತ್ತದೆ, ತೆಗೆದರೆ ಬಿಗಿಯುತ್ತದೆ. ಇರಬೇಕಾದ ಪ್ಲೇ 0.025ರಿಂದ 0.15 ಮಿ.ಮೀ. ನಡುವೆ. ಎರಡೂ ಶಾಫ್ಟುಗಳು ಮಧ್ಯದ ಒಂದು ಗಟ್ಟಿಗೆ ತಾಗಿ ನಿಲ್ಲುವುದರಿಂದ ಇದು ಒಂದು ಚಕ್ರದ ಲೆಕ್ಕವಲ್ಲ, ಎರಡಕ್ಕೂ ಸೇರಿದ್ದು.

ಒಂದು ಲೆಕ್ಕ ನೋಡಿ. ಹೊಸ ಬೇರಿಂಗು ಹಾಕಿದ ಮೇಲೆ ಎಡಗಡೆ 0.80 ಮಿ.ಮೀ. ಶಿಮ್ ಇಟ್ಟು ಪ್ಲೇಟನ್ನು ಪೂರ್ತಿ ಬಿಗಿದಿದ್ದಾರೆ. ಬಲಗಡೆ ಶಿಮ್ ಇಲ್ಲ. ಬಲಗಡೆಯ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಶಾಫ್ಟನ್ನು ಕೈಯಲ್ಲಿ ಸುತ್ತಿಸುತ್ತಾ ಹೋಗಬೇಕು. ಪ್ಲೇ ಮುಗಿದು ಶಾಫ್ಟು ತುಸುವೇ ಬಿಗಿ ಎನಿಸಿದಲ್ಲಿ ನಿಲ್ಲಿಸಿ, ಪ್ಲೇಟಿನ ಹಿಂದಿನ ಸಂದಿಯನ್ನು ಫೀಲರ್ ಗೇಜಿನಿಂದ ಸುತ್ತಲೂ ಅಳೆಯಬೇಕು. ಎಲ್ಲೆಡೆ 0.62 ಬಂತು ಎನ್ನೋಣ. ಬೇಕಾದ ಪ್ಲೇ 0.10.

```
ಶಿಮ್ = ಸಂದಿ + ಬೇಕಾದ ಪ್ಲೇ
0.62 + 0.10 = 0.72
```

ಎಡಕ್ಕೆ 0.80, ಬಲಕ್ಕೆ 0.72, ಒಟ್ಟು 1.52. ಅದನ್ನು ಎರಡು ಕಡೆಗೂ 0.76ರಂತೆ ಹಂಚಿದರೆ ಪ್ಲೇ ಬದಲಾಗುವುದಿಲ್ಲ, ಮಧ್ಯದ ಗಟ್ಟಿ ನಡುವಿನಲ್ಲೇ ಉಳಿಯುತ್ತದೆ. ಶಿಮ್ಮುಗಳು ಬೇರೆಬೇರೆ ದಪ್ಪದಲ್ಲಿ ಸಿಗುತ್ತವೆ. ಜೋಡಿಸಿದ ಕಟ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದೇ ಹಾಕಬೇಕು.

ಎಡವುವುದು ಲೆಕ್ಕದಲ್ಲಲ್ಲ, ಅಳತೆಯಲ್ಲಿ. ಕಪ್ ಪೂರ್ತಿ ಕೂರದಿದ್ದರೆ, ಹೌಸಿಂಗಿನ ಮುಖದಲ್ಲಿ ತುಕ್ಕೋ ಹಳೆಯ ಗಮ್ಮೋ ಉಳಿದಿದ್ದರೆ ಸಂದಿಯ ಅಳತೆಯೇ ಸುಳ್ಳಾಗುತ್ತದೆ. ಅದಕ್ಕೇ ಎಲ್ಲ ಬಿಗಿದ ಮೇಲೆ ಶಾಫ್ಟಿನ ತುದಿಯನ್ನು ಮೆತ್ತನೆ ಸುತ್ತಿಗೆಯಿಂದ ತಟ್ಟಿ, ಡಯಲ್ ಗೇಜ್ ಇಟ್ಟು ಎಳೆದು ತಳ್ಳಿ ಮತ್ತೆ ನೋಡಬೇಕು. ಮುಳ್ಳು 0.18 ತೋರಿಸಿದರೆ 0.08 ಶಿಮ್ ತೆಗೆಯಬೇಕು.

ಪ್ಲೇ ಹೆಚ್ಚಾದರೆ ತಿರುವಿನಲ್ಲಿ ಟಕ್ ಎಂಬ ಸದ್ದು ಬರುತ್ತದೆ. ಕ್ರಮೇಣ ಸೀಲ್ ಸವೆದು ಎಣ್ಣೆ ಬ್ರೇಕಿಗೆ ಇಳಿಯುತ್ತದೆ. ಕಡಿಮೆಯಾದರೆ ಬೇರಿಂಗು ಕಾದು, ನೀಲಿಗಟ್ಟಿ, ಊಳಿಡತೊಡಗುತ್ತದೆ. ಬೇರಿಂಗು ಬದಲಿಸಿದ ಜೀಪನ್ನು ಮನೆಗೆ ತಂದವರು ಮೊದಲ ಕೆಲವು ಕಿಲೋಮೀಟರ್ ಓಡಿಸಿ, ಹೆಚ್ಚು ಬ್ರೇಕ್ ಹಾಕದೆ ನಿಲ್ಲಿಸಿ, ಎರಡೂ ಹಬ್ಬುಗಳ ಬಳಿ ಕೈ ಹಿಡಿದು ನೋಡಿ. ಒಂದರ ಕಾವು ಮಾತ್ರ ತಡೆಯಲಾರದಷ್ಟಿದ್ದರೆ ಅಂದೇ ಮೇಸ್ತ್ರಿಯ ಬಳಿ ವಾಪಸು ಒಯ್ಯಿರಿ, ಘಟ್ಟ ಹತ್ತಿಸಬೇಡಿ.