‘ಕೇಬಲ್ ಬೇಕು’ ಎಂದಷ್ಟೇ ಬರೆದರೆ ಸಾಲದು

ಶಾಲೆಯ ಲ್ಯಾಬ್‌ನಲ್ಲಿ ನಾಲ್ಕಾರು ಕಂಪ್ಯೂಟರ್ ಕೆಲಸ ನಿಲ್ಲಿಸಿವೆ ಎಂದುಕೊಳ್ಳಿ. ‘ಕಂಪ್ಯೂಟರ್ ಕೇಬಲ್ 12, ದಯವಿಟ್ಟು ಒದಗಿಸಿ’ ಎಂದು ಶಿಕ್ಷಕಿ ಪ್ರಾಂಶುಪಾಲರಿಗೆ ಅರ್ಜಿ ಕೊಡುತ್ತಾರೆ. ಅರ್ಜಿ ಗುಮಾಸ್ತರ ಮೇಜಿಗೆ ಹೋಗುತ್ತದೆ, ಅಲ್ಲಿಂದ ಅಂಗಡಿಗೆ. ಅಂಗಡಿಯವರಿಗೆ ನಿಮ್ಮ ಮಾನಿಟರಿನ ಹಿಂಬದಿ ಕಾಣುವುದಿಲ್ಲ. ಅವರು ತಮ್ಮ ಬಳಿ ಇರುವುದನ್ನು ಕಳಿಸುತ್ತಾರೆ, ಅದು ಕೂರುವುದಿಲ್ಲ, ಮಕ್ಕಳು ಒಂದೊಂದು ಯಂತ್ರಕ್ಕೆ ಮೂವರಂತೆ ಕುಳಿತೇ ಕಲಿಯುತ್ತಾರೆ. ಇದನ್ನು ತಪ್ಪಿಸಲು ಅರ್ಜಿಯಲ್ಲಿ ಎರಡೂ ತುದಿಯ ಕನೆಕ್ಟರ್, ಉದ್ದ, ಎಣಿಕೆ, ಯಾವ ಯಂತ್ರಕ್ಕೆ ಎಂಬ ನಾಲ್ಕೂ ಇರಬೇಕು.

ಬರೆಯುವ ಮೊದಲು ಕೆಟ್ಟಿರುವುದು ಕೇಬಲ್ಲೇ ಎಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ದಾರಿ ಸರಳ: ಪಕ್ಕದ ಯಂತ್ರದ ಕೇಬಲ್ಲಿಗೂ ಇದಕ್ಕೂ ಅದಲುಬದಲು ಮಾಡಿ. ತೊಂದರೆ ಕೇಬಲ್ ಜೊತೆಗೇ ಪಕ್ಕಕ್ಕೆ ಹೋದರೆ ದೋಷ ಕೇಬಲ್ಲಿನದು. ಅಲ್ಲೇ ಉಳಿದರೆ ಮಾನಿಟರಿನದೋ ಸಿಪಿಯುವಿನದೋ.

ಹಳೆಯ ಮಾನಿಟರುಗಳ ವಿಜಿಎ ಕೇಬಲ್ ತನ್ನ ರೋಗವನ್ನು ತಾನೇ ಹೇಳುತ್ತದೆ. ಅದರ ತುದಿ ಸಾಮಾನ್ಯವಾಗಿ ನೀಲಿ ಬಣ್ಣದ್ದು, ಐದೈದರಂತೆ ಮೂರು ಸಾಲು, ಒಟ್ಟು 15 ಪಿನ್. ಮೊದಲ ಮೂರು ಪಿನ್‌ಗಳು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಯ್ಯುತ್ತವೆ. ಪರದೆಯ ಬಿಳಿ ಭಾಗ ಹಳದಿಯಾಗಿ ಕಂಡರೆ ನೀಲಿ ತಲುಪುತ್ತಿಲ್ಲ, ಅಂದರೆ 3ನೇ ಪಿನ್ ಬಾಗಿದೆ ಅಥವಾ ಒಳಗೆ ತಂತಿ ತುಂಡಾಗಿದೆ. ಬಾಗಿದ ಪಿನ್ನನ್ನು ಚಿಮುಟದಿಂದ ಮೆಲ್ಲಗೆ ನೆಟ್ಟಗೆ ಮಾಡಿದರೆ ಹಲವು ಬಾರಿ ಹೊಸ ಕೇಬಲ್ಲೇ ಬೇಕಾಗುವುದಿಲ್ಲ. ನಡುಸಾಲಿನ 9ನೇ ಪಿನ್ ಮಾತ್ರ ಎಷ್ಟೋ ಕೇಬಲ್‌ಗಳಲ್ಲಿ ತಯಾರಿಕೆಯಲ್ಲೇ ಇರುವುದಿಲ್ಲ. ಆ ಖಾಲಿ ಜಾಗ ನೋಡಿ ಪಿನ್ ಮುರಿದಿದೆ ಎಂದು ಒಳ್ಳೆಯ ಕೇಬಲನ್ನು ಎಸೆಯಬೇಡಿ.

ನೆಟ್‌ವರ್ಕ್ ಕೇಬಲ್ಲಿನ ತುದಿಯಲ್ಲಿ ಇರುವುದು ಎಂಟು ಪಿನ್ನಿನ ಆರ್‌ಜೆ-45. ಅದರಲ್ಲಿ ಮೊದಲು ಮುರಿಯುವುದು ಪ್ಲಾಸ್ಟಿಕ್ ಕೊಕ್ಕೆ. ಕೊಕ್ಕೆ ಹೋದರೆ ಕೇಬಲ್ ಸಡಿಲಾಗಿ ಇಂಟರ್‌ನೆಟ್ ಬಂದು ಹೋಗುತ್ತಿರುತ್ತದೆ. ಇದಕ್ಕೆ ಇಡೀ ಕೇಬಲ್ ಕೇಳುವ ಅಗತ್ಯವಿಲ್ಲ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದರಾಯಿತು. ಇನ್ನೊಂದು ಲಕ್ಷಣ ಸುಲಭಕ್ಕೆ ಕಣ್ಣಿಗೆ ಬೀಳದು. 100 ಎಂಬಿಪಿಎಸ್ ಸಂಪರ್ಕಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿ ಉಳಿದ ಯಂತ್ರಗಳು 1000 ತೋರಿಸುವಾಗ ಒಂದರಲ್ಲಿ ಮಾತ್ರ Link speed 100 ಎಂದಿದ್ದರೆ, ಒಂದು ತಂತಿ ಕೈಕೊಟ್ಟಿರುವ ಅನುಮಾನ ಬಲವಾಗುತ್ತದೆ.

ವಿದ್ಯುತ್ ಕೇಬಲ್ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಸಿಪಿಯು ಮತ್ತು ಬಹಳಷ್ಟು ಮಾನಿಟರುಗಳಿಗೆ ಸಿ-13 ಎಂಬ ಮೂರು ರಂಧ್ರದ ತುದಿ ಬೇಕು. ಲ್ಯಾಪ್‌ಟಾಪ್ ಅಡಾಪ್ಟರಿನದು ಸಾಮಾನ್ಯವಾಗಿ ಮೂರೆಸಳಿನ ಸಿ-5. ಒಂದು ಇನ್ನೊಂದಕ್ಕೆ ಕೂರದು. ಗೋಡೆಯ ಕಡೆ ಅರ್ತಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗೇ ಇರಬೇಕು. ಅರ್ತಿಂಗ್ ತಪ್ಪಿದರೆ ಲೋಹದ ಕ್ಯಾಬಿನೆಟ್ ಮುಟ್ಟಿದ ಮಗುವಿನ ಬೆರಳು ಜುಮ್ಮೆನ್ನುತ್ತದೆ. ತುದಿ ಕಪ್ಪಗಾಗಿದ್ದರೆ, ಬಿಸಿಯಾಗುತ್ತಿದ್ದರೆ ಆ ಕೇಬಲ್ ಅಂದೇ ಹೊರಗೆ ಹೋಗಬೇಕು.

ಪ್ರೊಜೆಕ್ಟರ್ ವಿಷಯದಲ್ಲಿ ಹಣ ಪೋಲಾಗುವುದು ಹೆಚ್ಚು. ಸಿಪಿಯುವಿನಲ್ಲಿ ವಿಜಿಎ ಮಾತ್ರ, ಪ್ರೊಜೆಕ್ಟರಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಬರೀ ಕೇಬಲ್ ಸಾಲದು. ಮೊದಲನೆಯದು ಅನಲಾಗ್, ಎರಡನೆಯದು ಡಿಜಿಟಲ್. ನಡುವೆ ಸಂಕೇತವನ್ನು ಬದಲಿಸುವ ಕನ್ವರ್ಟರ್ ಬೇಕು, ಅದೂ ‘ವಿಜಿಎಯಿಂದ ಎಚ್‌ಡಿಎಂಐಗೆ’ ಎಂದು ದಿಕ್ಕನ್ನು ಬರೆದೇ ಕೇಳಬೇಕು. ತಿರುಗುಮುರುಗು ಕನ್ವರ್ಟರ್ ಬಂದರೆ ಕೆಲಸ ಮಾಡುವುದಿಲ್ಲ.

20 ಯಂತ್ರಗಳ ಲ್ಯಾಬ್ ಒಂದಕ್ಕೆ ಇಂಥ ಅರ್ಜಿ ಹೀಗಿರಬಹುದು:

‘ವಿಷಯ: ಕಂಪ್ಯೂಟರ್ ಲ್ಯಾಬ್‌ಗೆ ಬದಲಿ ಕೇಬಲ್‌ಗಳನ್ನು ಒದಗಿಸುವ ಬಗ್ಗೆ.

ಮಾನ್ಯರೇ, ಲ್ಯಾಬ್‌ನ ಎಲ್ಲ ಕೇಬಲ್‌ಗಳನ್ನು ಅದಲುಬದಲು ಮಾಡಿ ಪರೀಕ್ಷಿಸಲಾಗಿದೆ. 3, 7, 8 ಮತ್ತು 15ನೇ ಯಂತ್ರಗಳ ಮಾನಿಟರಿಗೆ ಎರಡೂ ತುದಿ 15 ಪಿನ್ ಇರುವ 1.5 ಮೀಟರಿನ ವಿಜಿಎ ಕೇಬಲ್ 4 ಬೇಕಾಗಿವೆ. 2 ಮತ್ತು 11ನೇ ಸಿಪಿಯುಗಳಿಗೆ ಒಂದು ತುದಿ ಸಿ-13, ಇನ್ನೊಂದು ತುದಿ 6 ಆಂಪಿಯರ್ ಮೂರು ಪಿನ್ ಪ್ಲಗ್ ಇರುವ, ಐಎಸ್‌ಐ ಗುರುತಿನ ವಿದ್ಯುತ್ ಕೇಬಲ್ 2 ಬೇಕು. ಶಿಕ್ಷಕರ ಲ್ಯಾಪ್‌ಟಾಪ್ ಅಡಾಪ್ಟರಿಗೆ ಸಿ-5 ತುದಿಯ ಅಂಥದೇ ಕೇಬಲ್ 1. ಕೊಕ್ಕೆ ಮುರಿದ ಆರು ತುದಿಗಳಿಗೆ ಆರ್‌ಜೆ-45 ಕನೆಕ್ಟರ್ 10 (ಕ್ರಿಂಪ್ ಮಾಡುವಾಗ ಕೆಲವು ಹಾಳಾಗುವುದರಿಂದ ನಾಲ್ಕು ಹೆಚ್ಚು). 19ನೇ ಯಂತ್ರಕ್ಕೆ 3 ಮೀಟರಿನ ಕ್ಯಾಟ್-6 ನೆಟ್‌ವರ್ಕ್ ಕೇಬಲ್ 1. ಪ್ರಿಂಟರಿಗೆ ಒಂದು ತುದಿ ಚಪ್ಪಟೆ ಯುಎಸ್‌ಬಿ-ಎ, ಇನ್ನೊಂದು ತುದಿ ಚೌಕಾಕಾರದ ಯುಎಸ್‌ಬಿ-ಬಿ ಇರುವ ಕೇಬಲ್ 1. ಪ್ರೊಜೆಕ್ಟರಿಗೆ ವಿಜಿಎಯಿಂದ ಎಚ್‌ಡಿಎಂಐಗೆ ಕನ್ವರ್ಟರ್ 1, ಜೊತೆಗೆ 10 ಮೀಟರಿನ ಎಚ್‌ಡಿಎಂಐ ಕೇಬಲ್ 1. ಎಲ್ಲ ತುದಿಗಳ ಫೋಟೊ ಲಗತ್ತಿಸಿದೆ.’

ಸಾಮಾನು ಬಂದ ದಿನವೇ ಒಂದೊಂದನ್ನೂ ಆಯಾ ಯಂತ್ರಕ್ಕೆ ಸಿಕ್ಕಿಸಿ ನೋಡಿ, ಆಮೇಲೆ ಬಿಲ್ಲಿಗೆ ಸಹಿ ಹಾಕಿ. ಸುಟ್ಟ ವಿದ್ಯುತ್ ಕೇಬಲ್‌ಗಳನ್ನು ಸಾಕೆಟ್ಟಿನಿಂದ ಕಿತ್ತು, ನಡುವೆ ಕತ್ತರಿಸಿಯೇ ಇ-ತ್ಯಾಜ್ಯಕ್ಕೆ ಹಾಕಿ. ಇಡಿಯಾಗಿ ಬಿಟ್ಟರೆ ಯಾರಾದರೂ ಅವನ್ನು ಮತ್ತೆ ಸಿಕ್ಕಿಸಿಬಿಡುತ್ತಾರೆ.